ಬಟ್ಟೆ ನಿಮ್ಮದೇ ಇದ್ದರೂ ಒಂದು ಕುರ್ತಾ ಹೊಲಿಯೋಕೆ 420 ರೂಪಾಯಿ ಯಾಕೆ?

(ಟೇಬಲ್ ಮೇಲೆ ಬಿಳಿ ಕಾಟನ್ ಬಟ್ಟೆ, ಟೇಪು, ಚಾಕ್‌ಪೀಸು. ಹಿಂದೆ ಮಷೀನಿನ ಸದ್ದು.)

ನಮಸ್ಕಾರ. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಗಲ್ಲಿಯಲ್ಲಿ ನಮ್ಮ ಟೇಲರ್ ಅಂಗಡಿ. ಎರಡು ಮಷೀನು, ಅಂಚು ಬಿಚ್ಚದಂತೆ ಹೊಲಿಯೋ ಒಂದು ಓವರ್‌ಲಾಕು, ಒಂದು ಕಟಿಂಗ್ ಟೇಬಲ್ಲು, ಅಷ್ಟೇ. ಮೊನ್ನೆ ಒಬ್ಬರು ಬಂದು, "ಮಾಸ್ಟರ್, ಬಟ್ಟಿ ನಂದೇ ಅದ, ಬರೇ ಹೊಲೀಲಿಕ್ಕೆ ನಾಕ್ನೂರ ಇಪ್ಪತ್ತಾ?" ಅಂದರು. ಅವರಿಗೆ ಹೇಳಿದ್ದನ್ನೇ ಇವತ್ತು ಲೆಕ್ಕ ಹಾಕಿ ತೋರಿಸುತ್ತೇನೆ. ರೇಟೆಲ್ಲ ನನ್ನ ಅಂಗಡಿಯದು, ನಿಮ್ಮ ಊರಲ್ಲಿ ಬೇರೆ ಇರಬಹುದು.

ಮೊದಲು ಬಟ್ಟೆ. ಅಳತೆ ಹೀಗಿದೆ: ಎದೆ 40 ಇಂಚು, ಉದ್ದ 40 ಇಂಚು, ಫುಲ್ ತೋಳು. ಬಟ್ಟೆ 44 ಪನ್ನಾ, ಅಂದರೆ ಬಟ್ಟೆಯ ಅಗಲ 44 ಇಂಚು. ಎದೆಗೆ ಲೂಸು, ಹೊಲಿಗೆಗೆ ಮಾರ್ಜಿನ್ ಸೇರಿಸಿದರೆ ಮುಂದಿನ ಭಾಗ 25 ಇಂಚು ಅಗಲ, ಹಿಂದಿನದೂ 25. ಎರಡೂ ಸೇರಿ 50, ಪನ್ನಾ ಮಾತ್ರ 44, ಅಂದ ಮೇಲೆ ಪಕ್ಕಪಕ್ಕ ಕೂರಲ್ಲ. ಒಂದರ ಕೆಳಗೆ ಒಂದು ಇಡಬೇಕು. ಕೆಳಗಿನ ಮಡಿಕೆ ಸೇರಿ ಒಂದೊಂದಕ್ಕೆ 42.5 ಇಂಚು, ಎರಡಕ್ಕೆ 85.

(ಕ್ಯಾಮೆರಾ ಟೇಬಲ್ ಮೇಲಿಂದ. ಚಾಕ್‌ನಿಂದ ಗೆರೆ ಎಳೆಯುವುದು.)

ಈಗ ಬದಿಯಲ್ಲಿ ಉಳಿದ ಈ ಪಟ್ಟಿ ನೋಡಿ, 19 ಇಂಚು ಅಗಲ ಇದೆ. ಎರಡೂ ತೋಳು ಇದರಲ್ಲೇ ಬಂದವು, ಮಿಕ್ಕಿದ್ದರಲ್ಲಿ ಕಾಲರು, ಎದೆ ಪಟ್ಟಿ, ಜೇಬು. ತೋಳಿಗೆ ಅಂತ ಬೇರೆ ಬಟ್ಟೆ ಬೇಕಾಗಲೇ ಇಲ್ಲ! ಅದೇ 36 ಪನ್ನಾ ಆಗಿದ್ದರೆ ಬದಿಗೆ ಉಳಿಯೋದು ಬರೀ 11 ಇಂಚು, ಅದರಲ್ಲಿ ತೋಳು ಬರಲ್ಲ, ಹಾಗಾಗಿ ಹತ್ತಿರ ಹತ್ತಿರ 3 ಮೀಟರ್ ಬೇಕಾಗುತ್ತೆ. ಬಟ್ಟೆ ತಗೊಳ್ಳುವಾಗ ಮೀಟರ್ ರೇಟಿಗಿಂತ ಮೊದಲು ಪನ್ನಾ ಕೇಳಿ ಅನ್ನೋದು ಇದಕ್ಕೇ.

85 ಇಂಚು ಅಂದರೆ 2.16 ಮೀಟರ್. ಕಾಟನ್ ನೀರಿಗೆ ಬಿದ್ದರೆ ಕುಗ್ಗುತ್ತೆ, ನೂರಕ್ಕೆ ನಾಲ್ಕು ಅಂತ ಹಿಡಿದರೆ 2.25 ಆಯಿತು. ಅಂಗಡಿಯವರು ಅರ್ಜೆಂಟಲ್ಲಿ ಬಟ್ಟೆ ಸೊಟ್ಟ ಹರಿದು ಕೊಡುತ್ತಾರಲ್ವಾ, ಅದಕ್ಕೆ 5 ಸೆಂಟಿಮೀಟರ್. ಒಟ್ಟು 2.30. ಮೀಟರಿಗೆ 200 ಅಂದರೆ 460 ರೂಪಾಯಿ. ನಾವು ಟೇಲರ್‌ಗಳು ಸುಮ್ನೆ ಎರಡೂವರೆ ತನ್ನಿ ಅಂತೀವಿ, ಅದು ನಮ್ಮ ಧೈರ್ಯಕ್ಕೆ. ಹೂವೆಲ್ಲ ಒಂದೇ ಕಡೆ ಮುಖ ಮಾಡಿರೋ ಪ್ರಿಂಟು, ದೊಡ್ಡ ಚೌಕಡಿ ಇದ್ದರೆ ಮಾತ್ರ ಎರಡೂವರೆ ನಿಜವಾಗಿಯೂ ಬೇಕು.

ಇನ್ನು ದಾರ. ಒಂದು ಕುರ್ತಾಕ್ಕೆ ಎಷ್ಟು ದಾರ ಹೋಗುತ್ತೆ ಅಂತ ಕೇಳಿದರೆ ಹೆಚ್ಚಿನವರು ಹತ್ತಿಪ್ಪತ್ತು ಮೀಟರ್ ಅಂತಾರೆ. ಮಷೀನ್ ಹೊಲಿಗೆ ಸುಮಾರು 15 ಮೀಟರ್ ಓಡುತ್ತೆ, ಮೇಲಿನ ದಾರ, ಬಾಬಿನ್ ದಾರ ಸೇರಿ ಅದರ ಮೂರು ಪಟ್ಟಿಗೆ ಸ್ವಲ್ಪ ಕಮ್ಮಿ, 42 ಮೀಟರ್ ಅನ್ನಿ. ದಾರ ನಿಜವಾಗಿ ತಿನ್ನೋದು ಓವರ್‌ಲಾಕು. ಬರೀ 5 ಮೀಟರ್ ಅಂಚಿಗೆ 70 ಮೀಟರ್ ದಾರ ನುಂಗುತ್ತೆ. ವೇಸ್ಟು ಸೇರಿ 130 ಮೀಟರ್. ಆದರೂ ದುಡ್ಡಿನ ಲೆಕ್ಕದಲ್ಲಿ ಐದೇ ರೂಪಾಯಿ. ಹಾಗಾಗಿ ಅಗ್ಗದ ದಾರ ತಂದು ಒಂದೂವರೆ ರೂಪಾಯಿ ಉಳಿಸಲು ಹೋಗಬೇಡಿ, ಬಗಲಲ್ಲಿ ಬಿಚ್ಚಿಕೊಂಡು ವಾಪಸ್ ಬಂದರೆ ಒಂದು ಗಂಟೆ ಕೆಲಸ. ಕಾಲರ್, ಪಟ್ಟಿ ಗಟ್ಟಿ ನಿಲ್ಲಲು ಒಳಗೆ ಹಾಕೋ ಬಕ್ರಂ 13, ಗುಂಡಿ 10, ಹೊರಗೆ ಮಾಡಿಸೋ ನಾಲ್ಕು ಕಾಜಾಕ್ಕೆ 12. ದಾರ ಸೇರಿ 40.

ಕೂಲಿ. ಕಾರಿಗರನಿಗೆ ಪೀಸಿಗೆ 170, ಅವನಿಗೆ ಹಿಡಿಯೋ ಟೈಮು 1 ಗಂಟೆ 50 ನಿಮಿಷ. ಅಳತೆ, ಕಟಿಂಗು, ಟ್ರಯಲ್ಲು ನನ್ನದು, 40 ನಿಮಿಷ. ಇಲ್ಲಿಯೇ ನಾನು ವರ್ಷಗಟ್ಟಲೆ ತಪ್ಪು ಮಾಡಿದೆ. ಅಂಗಡಿ ನಂದೇ, ನನಗೆ ನಾನೇ ಏನು ಕೂಲಿ ಕೊಡೋದು ಅಂತ ಅದನ್ನು ಬರೆಯುತ್ತಲೇ ಇರಲಿಲ್ಲ. ಬೇರೆಯವರ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಆಗಿ ನಿಂತರೆ ನನಗೆ ದಿನಕ್ಕೆ 800 ಸಿಗುತ್ತೆ, ಅಂದರೆ ಗಂಟೆಗೆ 100. 40 ನಿಮಿಷಕ್ಕೆ 67. ಕೂಲಿ ಒಟ್ಟು 237.

ಈಗ ಅಂಗಡಿ ಖರ್ಚು. ಇದು ಯಾರಿಗೂ ಕಾಣಲ್ಲ, ಆದರೆ ನಷ್ಟ ಆಗೋದೆಲ್ಲ ಇಲ್ಲೇ.

(ಸ್ಕ್ರೀನ್ ಮೇಲೆ: ಬಾಡಿಗೆ 72,000. ಕರೆಂಟು 18,000. ಮಷೀನ್ ಸವಕಳಿ 9,000. ರಿಪೇರಿ, ಎಣ್ಣೆ, ಸೂಜಿ 6,000. ಚಹಾ, ಫೋನು, ಕವರು 15,000.)

ಇದು ವರ್ಷದ್ದು. ಕೂಡಿದರೆ 1,20,000, ತಿಂಗಳಿಗೆ 10,000. ಕರೆಂಟು ಜಾಸ್ತಿ ಅನಿಸಬಹುದು, ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಕೂಲರ್ ಇಲ್ಲದೆ ಕಾರಿಗರ ಕೂರಲ್ಲ. ಮಷೀನ್ ಸವಕಳಿ ಅಂದರೆ, ಮೂರೂ ಸೇರಿ 63,000 ಕೊಟ್ಟಿದ್ದೆ, ಏಳು ವರ್ಷ ಬಾಳುತ್ತೆ ಅಂತ ಭಾಗಿಸಿದ್ದು.

ಇದನ್ನು ಪೀಸಿನ ಲೆಕ್ಕದಲ್ಲಿ ಹಂಚಬೇಡಿ. ಪ್ಯಾಂಟಿನ ಉದ್ದ ಕಮ್ಮಿ ಮಾಡೋಕೆ 15 ನಿಮಿಷ, ಕುರ್ತಾಕ್ಕೆ ಎರಡೂವರೆ ಗಂಟೆ, ಎರಡಕ್ಕೂ ಒಂದೇ ಪಾಲು ಹೇಗಾಗುತ್ತೆ? ಗಂಟೆ ಲೆಕ್ಕದಲ್ಲಿ ಹಂಚಿ. ಗಂಟೆ ಅಂದರೆ ಶಟರ್ ತೆಗೆದಿಟ್ಟ ಗಂಟೆ ಅಲ್ಲ, ಗಿರಾಕಿಯ ಕೆಲಸ ನಡೆದ ಗಂಟೆ. ನಾನು ಒಂದು ವರ್ಷ ನೋಟ್‌ಬುಕ್ಕಲ್ಲಿ ಬರೆದಿಟ್ಟೆ. ರಂಜಾನ್ ತಿಂಗಳು 400 ಗಂಟೆ. ಆಷಾಢದಲ್ಲಿ ಮದುವೆ ಇಲ್ಲ, ಏನಿಲ್ಲ, 125 ಗಂಟೆ. ವರ್ಷದ ಸರಾಸರಿ ತಿಂಗಳಿಗೆ 250.

ಆಟ ಇರೋದು ಇಲ್ಲೇ. ರಂಜಾನ್ ಲೆಕ್ಕ ಹಿಡಿದರೆ ಗಂಟೆಗೆ 25, ಒಂದು ಕುರ್ತಾಕ್ಕೆ 62 ರೂಪಾಯಿ ಚಿಲ್ಲರೆ. ಆಷಾಢದ ಲೆಕ್ಕದಲ್ಲಿ ಅದೇ ಕುರ್ತಾಕ್ಕೆ 200! ಸರಾಸರಿ ಹಿಡಿದರೆ ಗಂಟೆಗೆ 40, ಕುರ್ತಾಕ್ಕೆ 100. ನಾವೆಲ್ಲ ರೇಟ್ ಫಿಕ್ಸ್ ಮಾಡೋದು ಯಾವಾಗ ಹೇಳಿ? ಸೀಸನ್ ಶುರುವಾದಾಗ, ಕೈತುಂಬ ಕೆಲಸ ಇದ್ದಾಗ. ಆ ರೇಟು ವರ್ಷವಿಡೀ ಉಳಿದುಬಿಡುತ್ತೆ.

ಕೂಡೋಣ. ಸಾಮಾನು 40, ಕೂಲಿ 237, ಅಂಗಡಿ ಪಾಲು 100. ಇಪ್ಪತ್ತರಲ್ಲಿ ಒಂದು ಕುರ್ತಾ ಬಿಗಿ ಅಂತಲೋ ಲೂಸು ಅಂತಲೋ ವಾಪಸ್ ಬರುತ್ತೆ, ಅದನ್ನು ಎಲ್ಲದರ ಮೇಲೆ ಹಂಚಿದರೆ 7. ಒಟ್ಟು 384. ಬಟ್ಟೆ ನಾನೇ ಹಾಕಿದರೆ 844.

ಮೊದಲು ನಾನು ತಗೊಳ್ಳುತ್ತಿದ್ದದ್ದು 350. ಸಾಮಾನು 40, ಕಾರಿಗರನಿಗೆ 170, ಸೀಸನ್ ಲೆಕ್ಕದ ಬಾಡಿಗೆ ಪಾಲು 62, ಎಲ್ಲ ಸೇರಿ 272, ಉಳಿದ 78 ಲಾಭ ಅಂತ ಖುಷಿಯಲ್ಲಿದ್ದೆ. ಲಾಭ ಎಲ್ಲಿತ್ತು? ಅಂಗಡಿ ಪಾಲು ಸರಾಸರಿಯ 100, ವಾಪಸ್ ಬರೋದಕ್ಕೆ 7 ಅಂತ ಹಿಡಿದರೆ, ನನ್ನ ಕೂಲಿ 67 ಬರಬೇಕಾದ ಕಡೆ 33 ಬರುತ್ತಿತ್ತು. ಆಷಾಢದಲ್ಲಿ ಬಾಡಿಗೆ ಕಟ್ಟಲು ಸಾಲ ಮಾಡೋದು ಯಾಕೆ ಅಂತ ಅವತ್ತು ಅರ್ಥ ಆಯಿತು. ಈಗ 420, ಖರ್ಚು 384 ಕಳೆದು ಲಾಭ 36.

ಕಮೆಂಟಲ್ಲಿ ಒಬ್ಬರು ಕೇಳಿದ್ದರು, 384ಕ್ಕಿಂತ ಕಮ್ಮಿಗೆ ಕೆಲಸ ಹಿಡಿಯಲೇಬಾರದಾ ಅಂತ. ಹಾಗಲ್ಲ. ಆಷಾಢದಲ್ಲಿ ಯಾರೋ ಬಂದು ಹತ್ತು ಕುರ್ತಾ, 300ರಂತೆ ಹೊಲಿದು ಕೊಡಿ ಅಂದರೆ ನಾನು ಹಿಡಿಯುತ್ತೇನೆ. ಮಷೀನು ಖಾಲಿ ಇದೆ, ಬಾಡಿಗೆ ಹೇಗಿದ್ದರೂ ಹೋಗುತ್ತೆ. ಕೈಯಿಂದ ಹೊಸದಾಗಿ ಹೋಗೋದು ಸಾಮಾನು 40, ಕಾರಿಗರನ 170, ಒಟ್ಟು 210. ಪೀಸಿಗೆ 90 ಉಳಿಯಿತು, ಹತ್ತಕ್ಕೆ 900, ಬಾಡಿಗೆಗೆ ಆಯಿತು. ಅದೇ ಗಿರಾಕಿ ಅದೇ ರೇಟು ಕೇಳಿಕೊಂಡು ರಂಜಾನಲ್ಲಿ ಬಂದರೆ, "ಭಾಯ್, ಹಬ್ಬ ಆದ ಮೇಲೆ ಬರ್ರಿ" ಅಂತ ಚಹಾ ಕುಡಿಸಿ ಕಳಿಸುತ್ತೇನೆ.