ಚುಕ್ಕೆ ಆದಮೇಲಿನ ಅಂಕಿ ನಿಮಿಷ ಅಲ್ಲ

ಕೇಳುಗರಿಗೆ ನಮಸ್ಕಾರ. ಒಂದು ಪೆನ್ನು, ಒಂದು ಹಾಳೆ ಹತ್ತಿರ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ಇದ್ದೇ ಇರುತ್ತದೆ, ಅದನ್ನೂ ತೆರೆದಿಡಿ. ರೇಡಿಯೋ ಕೂಡ ಅದರಲ್ಲೇ ಕೇಳುತ್ತಿದ್ದರೆ ಚಿಂತೆ ಇಲ್ಲ, ಲೆಕ್ಕ ಚಿಕ್ಕದು.

ಇವತ್ತು ನಾನು ಮಾತಾಡುತ್ತಿರುವುದು ಬಾವಿ, ಕೆರೆ, ಕೃಷಿಹೊಂಡದ ಪಟ್ಟಿ ಹಿಡಿದುಕೊಂಡು ಹೊಲ ಹೊಲ ಸುತ್ತುವವರ ಜೊತೆ. ಪಂಚಾಯಿತಿ ಕೆಲಸಕ್ಕೆ ಹೋಗುವ ಹುಡುಗರು, ಡಿಪ್ಲೊಮಾ ಓದುವವರು, ಆಫೀಸಿನಲ್ಲಿ ಕೂತು ಆ ಪಟ್ಟಿಯನ್ನು ಕಂಪ್ಯೂಟರ್‌ಗೆ ಹಾಕುವವರು. ನಿಮ್ಮ ಮೊಬೈಲ್ ಜಾಗವನ್ನು ಒಂದು ರೀತಿ ಹೇಳುತ್ತದೆ, ಸರ್ವೆ ಹಾಳೆ ಇನ್ನೊಂದು ರೀತಿ ಕೇಳುತ್ತದೆ. ಮೊಬೈಲ್ ಕೊಡುವುದು ಡಿಗ್ರಿ, ಒಂದು ಚುಕ್ಕೆ, ಅದರ ಮುಂದೆ ನಾಲ್ಕೈದು ಅಂಕಿ. ಹಾಳೆಯಲ್ಲಿ ಇರುವುದು ಮೂರು ಮನೆ: ಡಿಗ್ರಿ, ನಿಮಿಷ, ಸೆಕೆಂಡು. ತಪ್ಪು ಆಗುವುದೆಲ್ಲಾ ಈ ಎರಡರ ನಡುವೆ.

ನಾನು ಹೇಳಬೇಕಾದದ್ದು ಒಂದೇ ಮಾತು. ಚುಕ್ಕೆ ಆದಮೇಲಿನ ಅಂಕಿ ನಿಮಿಷ ಅಲ್ಲ. ಅದನ್ನು 60ರಿಂದ ಗುಣಿಸಿದರೆ ಮಾತ್ರ ನಿಮಿಷ ಆಗುತ್ತದೆ.

ಒಂದೂವರೆ ತಾಸನ್ನು 1.5 ತಾಸು ಅಂತ ಬರೆಯುತ್ತೀರಿ. ಹಾಗಂತ ಅದು ಒಂದು ತಾಸು ಐದು ನಿಮಿಷವೂ ಅಲ್ಲ, ಐವತ್ತು ನಿಮಿಷವೂ ಅಲ್ಲ. ಒಂದು ತಾಸು ಮೂವತ್ತು ನಿಮಿಷ. ಇದನ್ನು ಯಾರೂ ತಪ್ಪು ಮಾಡುವುದಿಲ್ಲ, ಅಲ್ವಾ? ಡಿಗ್ರಿಗೂ ಇದೇ ಲೆಕ್ಕ. ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡು.

ಈಗ ಬರೆದುಕೊಳ್ಳಿ. ಕಲಬುರಗಿಯಿಂದ ಆಳಂದ ಕಡೆ ಹೋಗುವಾಗ ಒಂದು ತೊಗರಿ ಹೊಲ, ಅದರಲ್ಲಿ ಒಂದು ಬಾವಿ ಅಂತ ಇಟ್ಟುಕೊಳ್ಳೋಣ. ಮೊಬೈಲ್ ತೋರಿಸುವ ಅಕ್ಷಾಂಶ 17.36815. ನಿಧಾನವಾಗಿ ಹೇಳುತ್ತೇನೆ: ಹದಿನೇಳು, ಚುಕ್ಕೆ, ಮೂರು, ಆರು, ಎಂಟು, ಒಂದು, ಐದು.

ಹದಿನೇಳು ಡಿಗ್ರಿ. ಅದನ್ನು ಹಾಗೇ ಮೊದಲ ಮನೆಗೆ ಹಾಕಿ, ಅದರ ಕೆಲಸ ಮುಗಿಯಿತು. ಕ್ಯಾಲ್ಕುಲೇಟರ್‌ನಲ್ಲಿ 17 ಕಳೆಯಿರಿ. ಉಳಿದದ್ದು 0.36815. ಅದನ್ನು 60ರಿಂದ ಗುಣಿಸಿ. 22.089 ಬಂತು. ಇದರಲ್ಲಿ ಚುಕ್ಕೆಯ ಹಿಂದಿನ 22 ನಿಮಿಷ. ಎರಡನೇ ಮನೆಗೆ 22. ಈಗ 22 ಕಳೆಯಿರಿ, 0.089 ಉಳಿಯಿತು. ಮತ್ತೆ 60ರಿಂದ ಗುಣಿಸಿ. 5.34. ಅದು ಸೆಕೆಂಡು. ಒಂದೇ ದಶಾಂಶ ಸಾಕು, 5.3. ಸೊನ್ನೆ ಸೇರಿಸಿ 05.3 ಅಂತ ಬರೆಯಿರಿ, ಮುಂದೆ ಓದುವವರು 53 ಅಂತ ಓದಿಕೊಳ್ಳಬಾರದು. ಹದಿನೇಳು ಡಿಗ್ರಿ, ಇಪ್ಪತ್ತೆರಡು ನಿಮಿಷ, ಐದು ಪಾಯಿಂಟ್ ಮೂರು ಸೆಕೆಂಡು, ಉತ್ತರ. ಅಷ್ಟೇ.

ಅದೇ ಬಾವಿಯ ರೇಖಾಂಶ 76.80572. 76 ತೆಗೆದಿಟ್ಟು 60ರಿಂದ ಗುಣಿಸಿದರೆ 48.3432. ನಿಮಿಷ 48. ಉಳಿದ 0.3432ನ್ನು ಮತ್ತೆ 60ರಿಂದ ಗುಣಿಸಿದರೆ 20.592, ಅಂದರೆ 20.6 ಸೆಕೆಂಡು, ಪೂರ್ವ.

ಇಷ್ಟು ಸುಲಭ ಇದ್ದದ್ದಕ್ಕೆ ರೇಡಿಯೋದಲ್ಲಿ ಭಾಷಣ ಯಾಕೆ ಅಂತ ನೀವು ಕೇಳಬಹುದು. ಅದಕ್ಕೊಂದು ಕಥೆ ಇದೆ. ನನ್ನ ಜೊತೆ ತರಬೇತಿಗೆ ಕೂತವರೆಲ್ಲಾ ಇದನ್ನು ಕೇಳಿರುತ್ತಾರೆ, ಅವರು ಇನ್ನೊಮ್ಮೆ ಕೇಳಲಿ.

ಒಂದು ಆಫೀಸು. ಹೆಸರು ಬೇಡ. ಕಲಬುರಗಿ ಸುತ್ತಮುತ್ತಲಿನ ಬಾವಿಗಳ ಪಟ್ಟಿ ತಯಾರಾಗಿತ್ತು. ಹುಡುಗರು ಬಿಸಿಲಲ್ಲಿ ಅಲೆದು, ಬಾವಿ ಕಟ್ಟೆಯ ಪಕ್ಕ ನಿಂತು ಮೊಬೈಲ್ ನೋಡಿ ಅಂಕಿ ಬರೆದುಕೊಂಡು ಬಂದಿದ್ದರು. ಆ ಕೆಲಸದಲ್ಲಿ ಏನೂ ಕೊರತೆ ಇರಲಿಲ್ಲ. ಪಟ್ಟಿ ಕಂಪ್ಯೂಟರ್‌ಗೆ ಹೋಯಿತು, ನಕ್ಷೆ ಅಚ್ಚಾಗಿ ಬಂತು. ನನ್ನನ್ನು ನೋಡಲು ಕರೆದರು. ನೋಡುತ್ತೇನೆ, ಅಷ್ಟೂ ಬಾವಿಗಳು ಮೇಲಿಂದ ಕೆಳಗೆ ಒಂದೇ ಸಾಲು! ಕಲಬುರಗಿಯ ಪೂರ್ವಕ್ಕೆ, ಎರಡು ಕಿಲೋಮೀಟರ್ ಅಗಲವೂ ಇಲ್ಲದ ಒಂದು ಪಟ್ಟಿಯೊಳಗೆ ಎಲ್ಲವೂ ಸೇರಿಕೊಂಡಿವೆ. ಊರ ಪಶ್ಚಿಮದ ಬಾವಿಯೂ ಅಲ್ಲೇ, ದಕ್ಷಿಣದ ಬಾವಿಯೂ ಅಲ್ಲೇ.

ಅಲ್ಲಿನ ದೊಡ್ಡವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. "ಮೊಬೈಲ್ ಸರಿ ಇಲ್ಲ, ಹುಡುಗರನ್ನ ಮತ್ತೆ ಹೊಲಕ್ಕೆ ಕಳಿಸ್ತೀವಿ." ನಾನು, ಸ್ವಲ್ಪ ತಾಳಿ ಸಾರ್, ಪಟ್ಟಿ ತೋರಿಸಿ ಅಂದೆ. ರೇಖಾಂಶದ ನಿಮಿಷದ ಮನೆ ನೋಡಿದರೆ ಮೇಲಿಂದ ಕೆಳಗಿನವರೆಗೆ 59, 59, 59. ಟೈಪ್ ಮಾಡಿದ ಹುಡುಗನನ್ನು ಕರೆದು, "ಏನಪ್ಪಾ ತಮ್ಮಾ, ಇದು ಎಲ್ಲಿಂದ ಬಂತು?" ಅಂತ ಕೇಳಿದೆ. ಪಾಪ, ಅವನು ಸುಳ್ಳು ಹೇಳಲಿಲ್ಲ. "ಸಾಹೇಬ್ರ, ಎಂಬತ್ತು ಹೊಡದ್ರ ಕಂಪ್ಯೂಟರ್ ತಗೊಳ್ಳಂಗಿಲ್ರೀ. ಐವತ್ತೊಂಬತ್ತರ ಮಟ ತಗೋತದ. ಅದಕ್ಕ ಐವತ್ತೊಂಬತ್ತು ಹಾಕೀನ್ರೀ."

ನೋಡಿದಿರಾ? 76.80572 ಇದ್ದದ್ದನ್ನು ಅವನು ಕತ್ತರಿಸಿ, 76 ಡಿಗ್ರಿ, 80 ನಿಮಿಷ, 57.2 ಸೆಕೆಂಡು ಅಂತ ಮೂರು ಮನೆಗೆ ಹಂಚಿದ್ದ. ಎಂಬತ್ತು ನಿಮಿಷ ಅನ್ನುವುದು ಇಲ್ಲವೇ ಇಲ್ಲ. ಕಂಪ್ಯೂಟರ್ ಬೇಡ ಅಂತು. ಅದು ಯಾಕೆ ಬೇಡ ಅನ್ನುತ್ತಿದೆ ಅಂತ ಯೋಚಿಸುವ ಬದಲು ಅದು ಒಪ್ಪುವಷ್ಟು ಹಾಕಿಬಿಟ್ಟ. 48 ನಿಮಿಷದಲ್ಲಿದ್ದ ಬಾವಿ 59ಕ್ಕೆ ಹೋಯಿತು. ಇಪ್ಪತ್ತು ಕಿಲೋಮೀಟರ್ ಆಸುಪಾಸು ದೂರ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ನಾನು ಗುಣಿಸುವುದನ್ನು ತೋರಿಸಿ ಬಂದೆ. ಕೆಲವು ದಿನ ಬಿಟ್ಟು ಹೊಸ ನಕ್ಷೆ ಕಳಿಸಿದರು. ಸಾಲು ಹೋಗಿತ್ತು, ಬಾವಿಗಳು ಚೆನ್ನಾಗಿ ಹರಡಿಕೊಂಡಿದ್ದವು. ಎಲ್ಲರಿಗೂ ಖುಷಿ. ಆದರೆ ಬಾವಿಗಳೆಲ್ಲಾ ಇರಬೇಕಾದ ಜಾಗಕ್ಕಿಂತ ಉತ್ತರದಲ್ಲೇ ಕೂತಿವೆ! ಯಾಕೆ ಗೊತ್ತಾ? ಅವರು ರೇಖಾಂಶ ಮಾತ್ರ ತಿದ್ದಿದ್ದರು. ಕಂಪ್ಯೂಟರ್ ಗಲಾಟೆ ಮಾಡಿದ್ದು ಅದಕ್ಕೇ ತಾನೆ. ಅಕ್ಷಾಂಶದ 17.36ನ್ನು 36 ನಿಮಿಷ ಅಂತ ಹಾಕಿದಾಗ ಕಂಪ್ಯೂಟರ್ ತೆಪ್ಪಗೆ ತಗೊಂಡಿತ್ತು. 36 ಅನ್ನುವುದು 60ರ ಒಳಗೇ ಇದೆಯಲ್ಲ, ಅದಕ್ಕೇನು ಗೊತ್ತು? ಇರಬೇಕಾದದ್ದು 22. ಹದಿನಾಲ್ಕು ನಿಮಿಷ ಹೆಚ್ಚು. ಅಕ್ಷಾಂಶದ ಒಂದು ನಿಮಿಷ ಅಂದರೆ ನೆಲದ ಮೇಲೆ ಸುಮಾರು 1.84 ಕಿಲೋಮೀಟರ್. ನೀವೇ ಗುಣಿಸಿ, ಇಪ್ಪತ್ತೈದು ಕಿಲೋಮೀಟರ್ ದಾಟುತ್ತದೆ.

ಅದನ್ನು ನಾನು ಹೇಗೆ ಹಿಡಿದೆ ಅಂದರೆ ನಕ್ಷೆ ಹಾಳೆಯ ನಂಬರಿನಿಂದ. ಸರ್ವೆ ಆಫ್ ಇಂಡಿಯಾದ ಐವತ್ತು ಸಾವಿರಕ್ಕೆ ಒಂದರ ಪ್ರಮಾಣದ ಹಾಳೆಗಳು ಹದಿನೈದು ಹದಿನೈದು ನಿಮಿಷಕ್ಕೆ ಒಂದು. ಕಲಬುರಗಿ ಊರು ಬರುವ ಹಾಳೆ 56 ಸಿ ಬಾರ್ 15. ಅದು 17 ಡಿಗ್ರಿ 15 ನಿಮಿಷದಿಂದ 30 ನಿಮಿಷದವರೆಗೆ ಮಾತ್ರ. 36 ನಿಮಿಷ ಅಂದರೆ ಅದರ ಮೇಲಿನ ಹಾಳೆ, 56 ಸಿ ಬಾರ್ 14. ಊರ ಅಂಚಿನ ಬಾವಿ ಬೇರೆ ಹಾಳೆಗೆ ಹೇಗೆ ಹೋಗುತ್ತದೆ? ಸುಮ್ನೆ ಹಾಳೆಯ ಮೂಲೆಯಲ್ಲಿ ಅಚ್ಚಾಗಿರುವ ಅಂಕಿ ಓದಿದ್ದರೆ ಅವರಿಗೂ ತಿಳಿಯುತ್ತಿತ್ತು. ಯಾರೂ ಓದುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಹಾಗಾಗಿ ನಮ್ಮ ಮೂರು ಜಿಲ್ಲೆಯವರು ಒಂದು ವಿಷಯ ನೆನಪಿಡಿ. ಕಲಬುರಗಿ ಊರು ಸುಮಾರು 17.33, 76.83. ಇಲ್ಲಿ ರೇಖಾಂಶದ ತಪ್ಪು ಕೂಗಿ ಹೇಳುತ್ತದೆ, 83 ನಿಮಿಷ ಅಂತ ಯಾರೂ ಬರೆಯಲಾಗುವುದಿಲ್ಲ. ಅಕ್ಷಾಂಶದ ತಪ್ಪು ಬಾಯಿ ಮುಚ್ಚಿಕೊಂಡಿರುತ್ತದೆ. ಬೀದರ್ ಮತ್ತು ಯಾದಗಿರಿಯಲ್ಲಿ ಇದು ಉಲ್ಟಾ. ಬೀದರ್ 17.91, 77.52. 91 ಕೂಗುತ್ತದೆ, 52 ಸುಮ್ಮನಿರುತ್ತದೆ. 0.52 ಅಂದರೆ 31 ನಿಮಿಷ 12 ಸೆಕೆಂಡು. ಅದನ್ನು 52 ನಿಮಿಷ ಅಂತ ಬರೆದರೆ ನಿಮ್ಮ ಬೀದರ್ ತೆಲಂಗಾಣಕ್ಕೆ ಹೋಗಿಬಿಡುತ್ತದೆ. ಅದಾದರೂ ಯಾರ ಕಣ್ಣಿಗಾದರೂ ಬೀಳುತ್ತದೆ. ಯಾದಗಿರಿಯವರು ಇನ್ನೂ ಎಚ್ಚರ ಇರಬೇಕು. ಅಲ್ಲಿ ರೇಖಾಂಶ 77.14. ಸರಿಯಾದ ನಿಮಿಷ 8, ಸೆಕೆಂಡು 24. 14 ಅಂತ ಬರೆದರೆ ಜಾಗ ಹತ್ತು ಕಿಲೋಮೀಟರ್ ಅಷ್ಟೇ ಸರಿಯುತ್ತದೆ. ಅದೇ ತಾಲೂಕು, ಅಂಥದ್ದೇ ಹೊಲ, ಯಾರಿಗೂ ಅನುಮಾನ ಬರುವುದಿಲ್ಲ.

ಕಥೆಯಲ್ಲೇ ಸಮಯ ಹೋಯಿತು, ನಿರೂಪಕರು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಎರಡು ಸಲ ಗುಣಿಸಬೇಕು. ಕೆಲವರು ಒಂದೇ ಸಲ ಗುಣಿಸಿ ನಿಲ್ಲಿಸುತ್ತಾರೆ. ನಮ್ಮ ಬಾವಿಗೆ 22.089 ಬಂದಿತ್ತಲ್ಲ, ಆ 089ನ್ನು 8.9 ಸೆಕೆಂಡು ಅಂತ ಬರೆದುಬಿಡುತ್ತಾರೆ. ಕೈಯಲ್ಲಿ ಹಿಡಿಯುವ ಕೆಲವು ಜಿಪಿಎಸ್ ಯಂತ್ರಗಳು ತಾವೇ 17 ಡಿಗ್ರಿ 22.089 ನಿಮಿಷ ಅಂತ ತೋರಿಸುತ್ತವೆ, ಅಲ್ಲೂ ಇದೇ ಎಡವಟ್ಟು. ನಿಜವಾದ ಸೆಕೆಂಡು 5.3. ನೆಲದ ಮೇಲೆ ನೂರ ಹತ್ತು ಮೀಟರ್ ವ್ಯತ್ಯಾಸ. ಬಾವಿ ಪಕ್ಕದವರ ಹೊಲಕ್ಕೆ ಹೋಯಿತು ಅಂದರೆ ಜಗಳ ಯಾರು ಬಿಡಿಸಬೇಕು?

ನಡುವೆ ಅಂಕಿ ಉದುರಿಸಬೇಡಿ. ಕೊನೆಗೆ ಸೆಕೆಂಡು ಬಂದಮೇಲೆ ಮಾತ್ರ ದಶಾಂಶ ಕಡಿಮೆ ಮಾಡಿ. ಹಾಗೆ ಮಾಡಿದಾಗ 59.95 ಅನ್ನುವುದು 60.0 ಆಗಿಬಿಟ್ಟರೆ, 60 ಅಂತ ಬರೆಯದೆ ಸೆಕೆಂಡಿಗೆ ಸೊನ್ನೆ ಹಾಕಿ ನಿಮಿಷಕ್ಕೆ ಒಂದು ಕೂಡಿಸಿ. ಒಂದು ಸೆಕೆಂಡು ನಮ್ಮ ಕಡೆ ಮೂವತ್ತು ಮೀಟರ್ ಆಸುಪಾಸು. ಒಂದು ದಶಾಂಶ ಅಂದರೆ ಮೂರು ಮೀಟರ್. ಮೊಬೈಲ್ ಹೇಳುವ ಜಾಗವೇ ಅದಕ್ಕಿಂತ ಜಾಸ್ತಿ ಆಚೆ ಈಚೆ ಇರುತ್ತದೆ. ನಾಲ್ಕು ದಶಾಂಶ ಬರೆದು ಯಾರಿಗೂ ತೋರಿಸಬೇಕಾಗಿಲ್ಲ.

ಸರಿ ಬಂದಿದೆಯೋ ಇಲ್ಲವೋ ನೋಡಲು ಹಿಂದಕ್ಕೆ ಹೋಗಿ. ಸೆಕೆಂಡನ್ನು 60ರಿಂದ ಭಾಗಿಸಿ ನಿಮಿಷಕ್ಕೆ ಕೂಡಿಸಿ. ಬಂದದ್ದನ್ನು ಮತ್ತೆ 60ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಿ. ನಮ್ಮ ಬಾವಿಗೆ 17.36814 ಬರುತ್ತದೆ. ಮೊಬೈಲ್ ಕೊಟ್ಟದ್ದು 17.36815. ಕೊನೆಯ ಅಂಕಿಯಲ್ಲಿ ಒಂದು ಹೆಚ್ಚುಕಮ್ಮಿ, ಅದು ನಡೆಯುತ್ತದೆ. ಚುಕ್ಕೆ ಆದಮೇಲಿನ ಮೊದಲ ಒಂದೆರಡು ಅಂಕಿಯಲ್ಲೇ ವ್ಯತ್ಯಾಸ ಬಂದರೆ ನೀವು ಗುಣಿಸಿಲ್ಲ ಅಂತಲೇ ಅರ್ಥ.

ನಾಳೆ ಪಟ್ಟಿ ಕೈಗೆ ಬಂದಾಗ ಮೊದಲು ಸುಮ್ಮನಿರುವ ಮನೆಯನ್ನು ನೋಡಿ. ಕಲಬುರಗಿಯವರು ಅಕ್ಷಾಂಶದ ನಿಮಿಷ, ಬೀದರ್, ಯಾದಗಿರಿಯವರು ರೇಖಾಂಶದ ನಿಮಿಷ. ಯಾವುದಾದರೂ ಒಂದು ಬಾವಿಯನ್ನು ಹಿಂದಕ್ಕೆ ಭಾಗಿಸಿ ನೋಡಿ, ಆಮೇಲೆ ಸಹಿ ಹಾಕಿ. ನಮಸ್ಕಾರ.