ಪಿಟ್ಯುಟರಿಗೆ ಗಡಿಯಾರ ಓದಲು ಬರುವುದಿಲ್ಲ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತನಾಡಬೇಕೆಂದಿದ್ದೆ. ಆದರೆ ಕಳೆದ ಸಂಚಿಕೆಯ ಕೆಳಗೆ ಬಂದ ಒಂದು ಪ್ರತಿಕ್ರಿಯೆ ಎರಡು ದಿನಗಳಿಂದ ನನ್ನನ್ನು ಕಾಡುತ್ತಿದೆ. ಒಬ್ಬರು ಬರೆದಿದ್ದಾರೆ: "ಬೆಳವಣಿಗೆಯ ಹಾರ್ಮೋನ್ ರಾತ್ರಿ ಹತ್ತರಿಂದ ಎರಡು ಗಂಟೆಯವರೆಗೆ ಮಾತ್ರ ಬರುತ್ತದೆ. ಹತ್ತರ ನಂತರ ಮಲಗಿದ ಮಗುವಿನ ಎತ್ತರ ಹೋದಂತೆಯೇ." ಇದನ್ನು ಇನ್ನೂರಕ್ಕೂ ಹೆಚ್ಚು ಜನ ಮೆಚ್ಚಿದ್ದಾರೆ. ಅದರ ಕೆಳಗೆ ಒಬ್ಬ ತಾಯಿ ಬರೆದ ಸಾಲು ಇದು: "ನನ್ನ ಮಗಳು ಹತ್ತೂವರೆಗೆ ಮಲಗುತ್ತಾಳೆ, ನಾನು ಅವಳ ಬೆಳವಣಿಗೆ ಹಾಳು ಮಾಡಿಬಿಟ್ಟೆನೇ?" ಇಲ್ಲಮ್ಮಾ, ನೀವು ಏನನ್ನೂ ಹಾಳು ಮಾಡಿಲ್ಲ. ಪಿಟ್ಯುಟರಿ ಗ್ರಂಥಿಗೆ ಗಡಿಯಾರ ಓದಲು ಬರುವುದಿಲ್ಲ. ಅದಕ್ಕೆ ಗೊತ್ತಾಗುವುದು ನಿದ್ರೆ.

ಮಿದುಳಿನ ತಳದಲ್ಲಿ ಬಟಾಣಿ ಗಾತ್ರದ ಈ ಗ್ರಂಥಿಯಿದೆ. ಅದು ಬೆಳವಣಿಗೆಯ ಹಾರ್ಮೋನನ್ನು ನಲ್ಲಿಯ ನೀರಿನಂತೆ ಒಂದೇ ಸಮನೆ ಬಿಡುವುದಿಲ್ಲ, ಅಲೆ ಅಲೆಯಾಗಿ ಬಿಡುತ್ತದೆ. ಅದರ ಮೇಲಿರುವ ಹೈಪೊಥಲಮಸ್ ಎರಡು ಸಂದೇಶಗಳನ್ನು ಕಳಿಸುತ್ತಿರುತ್ತದೆ. ಒಂದು "ಬಿಡು" ಎನ್ನುತ್ತದೆ, ಇನ್ನೊಂದು "ತಡೆ" ಎನ್ನುತ್ತದೆ. ಮಗು ನಿದ್ರೆಗೆ ಜಾರಿ, ಮೊದಲ ಗಾಢ ನಿದ್ರೆಯನ್ನು ತಲುಪುವ ಹೊತ್ತಿಗೆ "ತಡೆ" ಎನ್ನುವ ದನಿ ತಗ್ಗಿ "ಬಿಡು" ಎನ್ನುವುದು ಮೇಲಾಗುತ್ತದೆ. ದಿನದ ಅತಿ ದೊಡ್ಡ ಅಲೆ ಸಾಮಾನ್ಯವಾಗಿ ಆಗಲೇ ಏಳುತ್ತದೆ. ಒಂಬತ್ತಕ್ಕೆ ಮಲಗಿದರೆ ಒಂಬತ್ತರ ನಂತರ, ಹನ್ನೊಂದಕ್ಕೆ ಮಲಗಿದರೆ ಹನ್ನೊಂದರ ನಂತರ.

ಇದು ನನ್ನ ಕಲ್ಪನೆಯಲ್ಲ. 1968ರಲ್ಲಿ ತಕಹಾಶಿ, ಕಿಪ್ನಿಸ್, ಡಾಘಡೇ ಎಂಬ ಮೂವರು ಸಂಶೋಧಕರು ಯುವಕ ಯುವತಿಯರನ್ನು ಪ್ರಯೋಗಾಲಯದಲ್ಲಿ ಮಲಗಿಸಿ, ಮಿದುಳಿನ ಅಲೆಗಳನ್ನು ದಾಖಲಿಸುತ್ತಾ, ರಾತ್ರಿಯಿಡೀ ಮತ್ತೆ ಮತ್ತೆ ರಕ್ತ ತೆಗೆದು ನೋಡಿದರು. ಗಾಢ ನಿದ್ರೆ ಶುರುವಾಗುತ್ತಿದ್ದಂತೆ ಹಾರ್ಮೋನ್ ಏರಿತು. ಆಮೇಲೆ ಅವರು ಮಾಡಿದ್ದೇ ನಮ್ಮ ಜಗಳಕ್ಕೆ ಉತ್ತರ: ಮಲಗುವುದನ್ನು ತಡಮಾಡಿಸಿದರು. ಅಲೆಯೂ ತಡವಾಗಿ ಬಂದಿತು. ನಡುವೆ ಎಬ್ಬಿಸಿ, ಎರಡು ಮೂರು ಗಂಟೆ ಎಚ್ಚರವಿರಿಸಿ ಮತ್ತೆ ಮಲಗಿಸಿದಾಗ ಇನ್ನೊಂದು ಅಲೆ ಎದ್ದಿತು. ಹತ್ತು ಗಂಟೆಗೆ ತೆರೆದು ಎರಡಕ್ಕೆ ಮುಚ್ಚುವ ಕಿಟಕಿಯೇ ಇದ್ದಿದ್ದರೆ ಹೀಗೆ ಆಗಲು ಸಾಧ್ಯವಿತ್ತೇ? ಐವತ್ತು ವರ್ಷಗಳಿಗೂ ಹಿಂದೆಯೇ ತಿಳಿದಿದ್ದ ಸಂಗತಿ ಇದು. ಆದರೂ ಆ ಹತ್ತರಿಂದ ಎರಡರ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಲೇ ಇದೆ.

"ಹಾಗಾದರೆ ಮಕ್ಕಳನ್ನು ಮಧ್ಯರಾತ್ರಿಯವರೆಗೆ ಎಚ್ಚರವಿಡೋಣವೇ?" ಎಂದು ಕೇಳಲು ಕೆಲವರು ಸಿದ್ಧರಾಗಿದ್ದೀರಿ, ನನಗೆ ಗೊತ್ತು. ನಾನು ಹಾಗೆ ಹೇಳಲಿಲ್ಲ. ಆರರಿಂದ ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕು. ಬೆಳಗ್ಗೆ ಆರಕ್ಕೆ ಏಳಲೇಬೇಕಾದ ಮಗು ಹನ್ನೊಂದಕ್ಕೆ ಮಲಗಿದರೆ ಸಿಗುವುದು ಏಳೇ ಗಂಟೆ. ಆ ಕೊರತೆ ಮನಸ್ಸನ್ನು, ಕಲಿಕೆಯನ್ನು, ಹಸಿವನ್ನು ಕೆಡಿಸುತ್ತದೆ. ಬೇಗ ಮಲಗಿಸಲು ಅದೇ ಸಾಕಷ್ಟು ಕಾರಣ. ಅದಕ್ಕೆ ಎತ್ತರದ ಹೆದರಿಕೆಯನ್ನು ಸೇರಿಸುವುದೇಕೆ? ನಿದ್ರೆಗೆಟ್ಟ ಯುವಕರನ್ನು ಪರೀಕ್ಷಿಸಿದಾಗ ರಾತ್ರಿಯ ದೊಡ್ಡ ಅಲೆ ಕುಗ್ಗಿತ್ತು, ಆದರೆ ಹಗಲಿನ ಅಲೆಗಳು ಹಿಗ್ಗಿ, ಇಪ್ಪತ್ನಾಲ್ಕು ಗಂಟೆಗಳ ಒಟ್ಟು ಮೊತ್ತ ಹೆಚ್ಚು ಕಡಿಮೆ ಅಷ್ಟೇ ಉಳಿದಿತ್ತು. ಅವರು ಮಕ್ಕಳಲ್ಲ, ಒಪ್ಪುತ್ತೇನೆ. ಆದರೂ ಒಂದು ರಾತ್ರಿ ತಡವಾದ ಮಾತ್ರಕ್ಕೆ ಸೆಂಟಿಮೀಟರುಗಳು ಉದುರಿಹೋಗುವಷ್ಟು ದೇಹ ದುರ್ಬಲವಲ್ಲ.

ಅಂದಹಾಗೆ, ಈ ವಾಹಿನಿಗೆ ಇನ್ನೂ ಚಂದಾದಾರರಾಗದವರು ಈಗಲೇ ಆಗಿ. ಮಕ್ಕಳ ಎತ್ತರವನ್ನು ಮನೆಯಲ್ಲಿ ಸರಿಯಾಗಿ ಅಳೆಯುವ ಬಗ್ಗೆ ಹಿಂದೆ ಒಂದು ಇಡೀ ಸಂಚಿಕೆ ಮಾಡಿದ್ದೇನೆ. ಈಗ ಹೇಳುವ ಕತೆಗೆ ಅದು ಬೇಕಾಗುತ್ತದೆ.

ಒಬ್ಬ ತಾಯಿ ನನಗೆ ಬರೆದಿದ್ದರು. ಏಳು ವರ್ಷದ ಮಗ. ಪ್ರತಿ ರಾತ್ರಿ ಒಂಬತ್ತಕ್ಕೆ ದೀಪ ಆರಲೇಬೇಕು, ಒಂದು ದಿನವೂ ತಪ್ಪಿಲ್ಲ. ಆದರೂ ವರ್ಷದ ಆರಂಭದಲ್ಲಿ 114.2 ಸೆಂಟಿಮೀಟರ್ ಇದ್ದವನು ವರ್ಷದ ಕೊನೆಗೆ 117.7 ತಲುಪಿದ್ದ. ಅಂದರೆ ಮೂರೂವರೆ ಸೆಂಟಿಮೀಟರ್. ಆ ವಯಸ್ಸಿನ ಮಗು ವರ್ಷಕ್ಕೆ ಸುಮಾರು ಐದರಿಂದ ಆರು ಸೆಂಟಿಮೀಟರ್ ಬೆಳೆಯಬೇಕು. ನಾಲ್ಕಕ್ಕಿಂತ ಕಡಿಮೆ ಎಂದರೆ ಕಾರಣ ಹುಡುಕಲೇಬೇಕು. ಗಾಬರಿಯಾದ ತಂದೆ ತಾಯಿ ಬೆಳಗ್ಗೆ ಹನ್ನೊಂದಕ್ಕೆ ಒಂದು ಪ್ರಯೋಗಾಲಯದಲ್ಲಿ ಹಾರ್ಮೋನ್ ಪರೀಕ್ಷೆ ಮಾಡಿಸಿದರು. ಬಂದ ಅಂಕಿ 0.4. ಮನೆಯಲ್ಲಿ ಅಳು.

ಆ ಅಂಕಿಗೆ ಅರ್ಥವೇ ಇಲ್ಲ! ಈ ಹಾರ್ಮೋನ್ ರಕ್ತದಲ್ಲಿ ಇಪ್ಪತ್ತು ನಿಮಿಷಗಳೊಳಗೆ ಅರ್ಧಕ್ಕೆ ಇಳಿಯುತ್ತದೆ. ಎರಡು ಅಲೆಗಳ ನಡುವೆ ಸೂಜಿ ಚುಚ್ಚಿದರೆ ಆರೋಗ್ಯವಂತ ಮಗುವಿನಲ್ಲೂ ಸಿಗುವುದು ಬಹುತೇಕ ಸೊನ್ನೆ. ಅದಕ್ಕೇ ತಜ್ಞರು ಮೊದಲು ಐಜಿಎಫ್-1 ಎಂಬುದನ್ನು ನೋಡುತ್ತಾರೆ. ಬೆಳವಣಿಗೆಯ ಹಾರ್ಮೋನಿನ ಆಜ್ಞೆಯಂತೆ ಮುಖ್ಯವಾಗಿ ಯಕೃತ್ತು ತಯಾರಿಸುವ ಈ ವಸ್ತು ದಿನವಿಡೀ ಹೆಚ್ಚು ಏರಿಳಿಯುವುದಿಲ್ಲ. ಇನ್ನೂ ಅನುಮಾನವಿದ್ದರೆ ಔಷಧಿ ಕೊಟ್ಟು ಅಲೆಯನ್ನು ಎಬ್ಬಿಸಿ, ನಿಗದಿತ ಅಂತರದಲ್ಲಿ ಹಲವು ಬಾರಿ ರಕ್ತ ತೆಗೆದು ಅಳೆಯುತ್ತಾರೆ.

ನಾನು ಆ ತಾಯಿಗೆ ಕೇಳಿದ್ದು ಒಂದೇ ಪ್ರಶ್ನೆ: ಗೊರಕೆ ಇದೆಯೇ? ಇತ್ತು. ಪ್ರತಿ ರಾತ್ರಿ. ಬಾಯಿ ತೆರೆದು, ಕತ್ತನ್ನು ಹಿಂದಕ್ಕೆ ಚಾಚಿ, ನಡುನಡುವೆ ಉಸಿರು ನಿಂತು, ಬೆವರುತ್ತಾ ಮಲಗುವ ಮಗು. ಕಿವಿ ಮೂಗು ಗಂಟಲು ತಜ್ಞರು ನೋಡಿದಾಗ ಟಾನ್ಸಿಲ್ ಮತ್ತು ಅಡಿನಾಯ್ಡ್ ಎರಡೂ ಊದಿ ಉಸಿರಿನ ದಾರಿಯನ್ನು ಅಡ್ಡಗಟ್ಟಿದ್ದವು. ಇಂಥ ಮಗು ರಾತ್ರಿಯಿಡೀ ಉಸಿರಿಗಾಗಿಯೇ ಶಕ್ತಿ ಸುಡುತ್ತದೆ, ಸರಿಯಾಗಿ ನುಂಗಲಾಗದೆ ಕಡಿಮೆ ತಿನ್ನುತ್ತದೆ, ಮತ್ತೆ ಮತ್ತೆ ನಿದ್ರೆ ಒಡೆಯುತ್ತದೆ. ಅವೆರಡನ್ನೂ ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ಇಂಥ ಮಕ್ಕಳಲ್ಲಿ ಐಜಿಎಫ್-1 ಏರುವುದನ್ನು, ಬೆಳವಣಿಗೆ ವೇಗ ಪಡೆಯುವುದನ್ನು ವೈದ್ಯರು ಕಂಡಿದ್ದಾರೆ. ಈ ಹುಡುಗ ಮುಂದಿನ ಆರು ತಿಂಗಳಲ್ಲಿ 3.4 ಸೆಂಟಿಮೀಟರ್ ಬೆಳೆದ. ಹೆಚ್ಚು ಕಡಿಮೆ ಹಿಂದಿನ ಇಡೀ ವರ್ಷದಲ್ಲಿ ಬೆಳೆದಷ್ಟು!

ಈಗ ಹೇಳಿ, ಒಂಬತ್ತು ಗಂಟೆಯ ಶಿಸ್ತು ಇವನಿಗೆ ಏನು ಮಾಡಿತು? ಗಡಿಯಾರವನ್ನು ಕಾಯುತ್ತಾ ಕುಳಿತು, ಪಕ್ಕದಲ್ಲಿ ಗೊರೆಯುತ್ತಿದ್ದ ಮಗುವನ್ನು ಒಂದು ವರ್ಷ ಯಾರೂ ಕೇಳಿಸಿಕೊಳ್ಳಲಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

"ನಮ್ಮ ಮನೆಯಲ್ಲಿ ಬೇಗ ಮಲಗಿದವನೇ ಎತ್ತರ" ಎನ್ನುತ್ತೀರಾ? ಅವನ ಅಪ್ಪನ ಎತ್ತರ ನೋಡಿ. "ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?" ಹಿರಿಯರು ಬೇಗ ಮಲಗು ಎಂದರು, ಪಿಟ್ಯುಟರಿ ಎರಡು ಗಂಟೆಗೆ ಬಾಗಿಲು ಹಾಕುತ್ತದೆ ಎಂದು ಯಾವ ಅಜ್ಜಿಯೂ ಹೇಳಲಿಲ್ಲ. ಇಲ್ಲ, ಇಲ್ಲ, ಇನ್ನು ನಾನು ವಾದ ಮಾಡುವುದಿಲ್ಲ. ಅದಕ್ಕೆ ಗಡಿಯಾರ ಓದಲು ಬರುವುದಿಲ್ಲ, ಅಷ್ಟೇ.

ಆ ಹತ್ತೂವರೆಯ ತಾಯಿ ಇದನ್ನು ನೋಡುತ್ತಿದ್ದರೆ: ಮಗಳನ್ನು ಆರು ತಿಂಗಳಿಗೊಮ್ಮೆ, ಬೆಳಗಿನ ಒಂದೇ ಹೊತ್ತಿನಲ್ಲಿ, ಬರಿಗಾಲಲ್ಲಿ ನಿಲ್ಲಿಸಿ ಅಳೆಯಿರಿ. ಸಂಜೆಗೆ ಎಲ್ಲರೂ ಸುಮಾರು ಒಂದು ಸೆಂಟಿಮೀಟರ್ ಕುಗ್ಗಿರುತ್ತೇವೆ, ಅದನ್ನು ನೋಡಿ ಹೆದರಬೇಡಿ. ಇವತ್ತು ರಾತ್ರಿ ಅವಳು ಮಲಗಿದ ಮೇಲೆ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು ಉಸಿರಾಟ ಕೇಳಿಸಿಕೊಳ್ಳಿ. ಏನು ಕೇಳಿಸಿತು ಎಂದು ಕೆಳಗೆ ಬರೆಯಿರಿ. ಎಷ್ಟು ಗಂಟೆಗೆ ಮಲಗಿದಳು ಎಂದು ಬರೆಯುವುದು ಬೇಡ.