ಮೃದಂಗದ ಕರಣೆಯೂ ಶ್ರುತಿಯೂ

ಕೇಳುಗರಿಗೆ ನಮಸ್ಕಾರ.

ಪುತ್ತರಿ ಬಂತೆಂದರೆ ಕೊಡಗಿನಲ್ಲಿ ದುಡಿಯ ಸದ್ದು ಕೇಳುತ್ತದೆ. ಹಾಡಿಗೆ ಲಯ ಕೊಡುವುದು ದುಡಿಯ ಕೆಲಸ. ಅದನ್ನು ಷಡ್ಜಕ್ಕೆ ಕೂಡಿಸಿ ಎಂದು ಯಾರೂ ಕೇಳುವುದಿಲ್ಲ. ಮೃದಂಗದವರು ಮಾತ್ರ ಕಛೇರಿಗೆ ಮುಂಚೆ ತಂಬೂರಿಗೆ ಕಿವಿಗೊಟ್ಟು, ಕಲ್ಲು ಮತ್ತು ಮರದ ಗೂಟ ಹಿಡಿದು ಬಲಮುಚ್ಚಿಗೆಯ ಅಂಚನ್ನು ತಟ್ಟುತ್ತಾ ಕೂರುತ್ತಾರೆ. ಎರಡೂ ಚರ್ಮವಾದ್ಯಗಳೇ. ವ್ಯತ್ಯಾಸ ಇರುವುದು ಮುಚ್ಚಿಗೆಯ ನಡುವಿನ ಕಪ್ಪಿನಲ್ಲಿ, ಅಂದರೆ ಕರಣೆಯಲ್ಲಿ.

ಒಂದೇ ದಪ್ಪದ ಬರಿಯ ಚರ್ಮವನ್ನು ಬಿಗಿದು ಬಾರಿಸಿದರೆ ಒಟ್ಟಿಗೆ ಹಲವು ಸ್ವರಗಳು ಹೊರಡುತ್ತವೆ. ಮೂಲ ಕಂಪನ ಸೆಕೆಂಡಿಗೆ 200 ಎಂದಿಟ್ಟುಕೊಳ್ಳಿ. ಅದರ ಮೇಲಿನವು ಸುಮಾರು 318, 428, 460 ಹೀಗೆ ಬರುತ್ತವೆ. ಇವು 200ರ ಎರಡರಷ್ಟೂ ಅಲ್ಲ, ಮೂರರಷ್ಟೂ ಅಲ್ಲ. ತಂತಿಯಲ್ಲಿ ಮೇಲಿನ ಕಂಪನಗಳು ಮೂಲದ ಎರಡರಷ್ಟು, ಮೂರರಷ್ಟು ಇರುವುದರಿಂದ ಕಿವಿ ಎಲ್ಲವನ್ನೂ ಒಂದೇ ಸ್ವರವಾಗಿ ಹಿಡಿಯುತ್ತದೆ. ಬರಿಯ ಚರ್ಮದಲ್ಲಿ ಆ ಹೊಂದಿಕೆ ಇಲ್ಲ, ಹಾಗಾಗಿ ಕೇಳುವುದು ಬರೀ ಸದ್ದು.

ಈಗ ನಡುವೆ ತೂಕ ಕೂಡಿಸೋಣ. ಮೂಲ ಕಂಪನದಲ್ಲಿ ಮುಚ್ಚಿಗೆಯ ನಡುಭಾಗವೇ ಎಲ್ಲಕ್ಕಿಂತ ಹೆಚ್ಚು ಏರಿ ಇಳಿಯುತ್ತದೆ. ಆದ್ದರಿಂದ ಕರಣೆಯ ಭಾರ ಅದನ್ನೇ ಹೆಚ್ಚು ನಿಧಾನಿಸುತ್ತದೆ. ಎರಡನೆಯ ಕಂಪನದಲ್ಲಿ ಅರ್ಧ ಚರ್ಮ ಮೇಲೆದ್ದಾಗ ಇನ್ನರ್ಧ ಕೆಳಗಿರುತ್ತದೆ, ನಟ್ಟನಡುವಿನ ಗೆರೆ ಅಲುಗುವುದಿಲ್ಲ. ಅಲ್ಲಿ ಭಾರದ ಪರಿಣಾಮ ಕಡಿಮೆ. ನಮ್ಮ ಲೆಕ್ಕದಲ್ಲಿ 200 ಇದ್ದದ್ದು 140ಕ್ಕೆ, 318 ಇದ್ದದ್ದು 280ಕ್ಕೆ ಇಳಿದರೆ ಎರಡನೆಯದು ಮೊದಲನೆಯದರ ಸರಿಯಾಗಿ ಎರಡರಷ್ಟಾಯಿತು. 428 ಸ್ವಲ್ಪವೇ ಇಳಿದು, 460 ಇನ್ನಷ್ಟು ಇಳಿದು, ಎರಡೂ 420ರಲ್ಲಿ ಬಂದು ಕೂಡಿದರೆ ಅದು ಮೂರರಷ್ಟು. ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರ್ ಜೊತೆ 1920ರಲ್ಲಿ, ಮುಂದೆ 1934ರಲ್ಲಿ ಇನ್ನೂ ವಿಸ್ತಾರವಾಗಿ ಬರೆದು ತೋರಿಸಿದ್ದು ಇದನ್ನೇ. ಮುಚ್ಚಿಗೆಯ ಮೇಲೆ ನುಣ್ಣನೆಯ ಮರಳು ಉದುರಿಸಿ, ಅಲುಗದ ಗೆರೆಗಳಲ್ಲಿ ಮರಳು ನಿಲ್ಲುವುದನ್ನು ಅವರು ಗುರುತಿಸಿದರು. ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಲ್ಲಿ ಅಡಕವಾಗುತ್ತವೆ ಎಂಬುದು ಅವರು ಕಂಡ ಸಂಗತಿ.

ಭಾರ ಬೇಕು, ಆದರೆ ಬಿರುಸು ಬೇಡ. ಕರಣೆ ಹಾಕುವವರ ಕೈಚಳಕವೆಲ್ಲ ಇಲ್ಲಿದೆ. ಕಿಟ್ಟದ ಕಲ್ಲನ್ನು ನುಣ್ಣಗೆ ಪುಡಿ ಮಾಡಿ ಅನ್ನದೊಂದಿಗೆ ನಾದಿ ಕಣಕ ಮಾಡುತ್ತಾರೆ. ತಬಲಾದಲ್ಲಿ ಕಬ್ಬಿಣದ ಪುಡಿ, ಹಿಟ್ಟಿನ ಅಂಟು. ಮೊದಲು ಚರ್ಮವನ್ನು ಕೆರೆದು, ಬರೀ ಅನ್ನ ತಿಕ್ಕಿ ಹಿಡಿತ ಮಾಡಿಕೊಳ್ಳಬೇಕು. ಆಮೇಲೆ ಚಿಟಿಕೆ ಕಣಕ ಇಟ್ಟು ಹೆಬ್ಬೆರಳಿನಿಂದ ತೆಳ್ಳಗೆ ಹರಡಿ, ಪಸೆ ಆರುವ ತನಕ ನುಣುಪಾದ ಕಲ್ಲಿನಿಂದ ಉಜ್ಜಬೇಕು. ಅದರ ಮೇಲೆ ಇನ್ನೊಂದು ಪದರ, ಮತ್ತೆ ಉಜ್ಜುವುದು. ಮೇಲಿನ ಪದರಗಳ ಸುತ್ತಳತೆ ಬರಬರುತ್ತ ಕಿರಿದಾಗುವುದರಿಂದ ಕರಣೆ ನಡುವೆ ದಪ್ಪ, ಅಂಚಿನಲ್ಲಿ ತೆಳು.

ಉಜ್ಜುವುದು ಹೊಳಪಿಗಾಗಿ ಮಾತ್ರ ಅಲ್ಲ. ಉಜ್ಜುತ್ತಾ ಒಣಗಿದ ಕರಣೆಯಲ್ಲಿ ಕೂದಲೆಳೆಯ ಬಿರುಕುಗಳು ಆಳದವರೆಗೆ ಇಳಿಯುತ್ತವೆ. ಕರಣೆ ಸಣ್ಣ ಸಣ್ಣ ಕಣಗಳಾಗಿ ಒಡೆದು, ಒಂದೊಂದೂ ಚರ್ಮಕ್ಕೆ ಬೇರೆಬೇರೆಯಾಗಿ ಅಂಟಿಕೊಂಡಿರುತ್ತದೆ. ಹಾಗಾಗಿ ಚರ್ಮ ಬಾಗಲು ಅಡ್ಡಿಯಿಲ್ಲ. ಅವಸರಪಟ್ಟು ದಪ್ಪ ಪದರವನ್ನು ಒಮ್ಮೆಗೇ ಮೆತ್ತಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ಕರಣೆ ಬಿಲ್ಲೆಯಾಗಿ ಗಟ್ಟಿಯಾಗುತ್ತದೆ, ನಾದ ಮಂಕಾಗುತ್ತದೆ, ಕೆಲವೇ ದಿನಗಳಲ್ಲಿ ಬಿಲ್ಲೆ ಬಿಟ್ಟುಕೊಳ್ಳುತ್ತದೆ.

ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಿವಿಯೇ ಹೇಳಬೇಕು. ಉಂಗುರದ ಬೆರಳನ್ನು ಕರಣೆಯ ಅಂಚಿಗೆ ಮೆಲ್ಲಗೆ ತಾಗಿಸಿ ‘ನಂ’ ನುಡಿಸಿದಾಗ ಮೂಲ ಕಂಪನ ಅಡಗಿ ಮೇಲಿನವು ಕೇಳುತ್ತವೆ. ತೆರೆದ ‘ಧೀಂ’ನಲ್ಲಿ ಮೂಲ ಎದ್ದು ಕೇಳುತ್ತದೆ. ಭಾರ ಸಾಲದಿದ್ದರೆ ಮೂಲ ಇಳಿಯದೆ ಮೇಲಿದ್ದು ಇವೆರಡೂ ಜಗಳವಾಡುತ್ತವೆ. ಹೆಚ್ಚಾದರೆ ಮೂಲ ಅತಿಯಾಗಿ ಇಳಿದು ನಾದ ಜಡವಾಗುತ್ತದೆ.

ಒಂದು ಕಡೆ ಚೂರು ಉದುರಿದ ಮುಚ್ಚಿಗೆಯನ್ನು ತೆಗೆದುಕೊಳ್ಳಿ. ಆ ದಿಕ್ಕಿನಲ್ಲಿ ಭಾರ ತಗ್ಗಿದ್ದರಿಂದ ಎರಡನೆಯ ಕಂಪನ ಅಲ್ಲಿ ಚೂರು ಏರುತ್ತದೆ, ಅದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಇದ್ದಂತೆಯೇ ಇರುತ್ತದೆ. ಇವೆರಡರ ನಡುವೆ ಬಾರಿಸಿದರೆ ಎರಡೂ ಕೂಡಿ ನಾದ ಅಲೆಯಲೆಯಾಗಿ ನಡುಗುತ್ತದೆ. ಬಿಗಿ ಏರುಪೇರಾದರೂ ಹೀಗೇ ಕೇಳುವುದರಿಂದ ಮೊದಲು ಅಂಚನ್ನು ಸುತ್ತಲೂ ತಟ್ಟಿ ಸರಿಮಾಡಿ ನೋಡಿ. ಆಗಲೂ ನಡುಕ ಹೋಗದಿದ್ದರೆ, ಇಲ್ಲವೇ ‘ಜರ್’ ಎಂಬ ಸದ್ದು ಸೇರಿಕೊಂಡರೆ ದೋಷ ಕರಣೆಯದೇ. ಚೂರಿದ್ದ ಜಾಗಕ್ಕೆ ತೇಪೆ ಹಾಕಿದರೆ ನಿಲ್ಲುವುದಿಲ್ಲ. ಹಳೆಯದನ್ನು ಪೂರ್ತಿ ತೆಗೆಸಿ ಹೊಸದಾಗಿ ಹಾಕಿಸುವುದೇ ದಾರಿ.

ನಮ್ಮ ಆಷಾಢದ ಮಳೆಯಲ್ಲಿ ಚರ್ಮ ಪಸೆ ಹೀರಿ ಸಡಿಲಾಗುತ್ತದೆ, ಅನ್ನದ ಅಂಟೂ ಮೆತ್ತಗಾಗುತ್ತದೆ. ಹಾಗೆಂದು ಒಲೆಯ ಮುಂದೆ ಇಟ್ಟರೆ ಚರ್ಮ ಥಟ್ಟನೆ ಬಿಗಿದು ಕರಣೆ ಎದ್ದುಬರುತ್ತದೆ. ಬಲಮುಚ್ಚಿಗೆಗೆ ಒಣಬಟ್ಟೆ ಸುತ್ತಿ, ಗೋಡೆಯಿಂದ ದೂರ, ಬೆಚ್ಚಗಿನ ಬೀರುವಿನಲ್ಲಿಡಿ. ಎಡಮುಚ್ಚಿಗೆಗೆ ಹಚ್ಚಿದ ರವೆಯನ್ನು ನುಡಿಸಿದ ದಿನವೇ ಕೆರೆದು ತೆಗೆಯಿರಿ. ಕರಣೆಯ ಮೇಲಿನ ಬೆವರನ್ನು ಒಣಬಟ್ಟೆಯಿಂದಲೇ ಒರೆಸಿ, ಒದ್ದೆ ಬಟ್ಟೆ ಬೇಡ.